ಆರು ವಾರ ಕ್ಲಿನಿಕ್ ನಿನ್ನ ಕೈಯಲ್ಲಿ: ಸೂಜಿ ಹಾಕುವ ಮುಂಚೆ ಇಷ್ಟು ಕೇಳು

"ಅಕ್ಕಾ, ಸೋಮವಾರದಿಂದ ನಾನೇ ಕೂರಬೇಕಲ್ಲ. ಕ್ಲಿನಿಕ್‌ನಲ್ಲಿ ದಿನದ ಕ್ರಮ ಏನು, ಯಾವ ಪೇಶೆಂಟ್‌ಗಳ ಮೇಲೆ ಜಾಸ್ತಿ ಗಮನ ಇಡಬೇಕು, ಒಂದು ಸಲ ಹೇಳಿಬಿಡಿ. ವಾಯ್ಸ್ ಹಾಕಿದರೂ ಆಯ್ತು."

ವಾಯ್ಸ್ ಹಾಕಿದರೆ ಆಮೇಲೆ ಹುಡುಕೋಕೆ ಕಷ್ಟ, ಅದಕ್ಕೆ ಮಾತಾಡಿದ ಹಾಗೇ ಬರೆಯುತ್ತಿದ್ದೇನೆ. ಗ್ರೂಪಲ್ಲೇ ಹಾಕುತ್ತೇನೆ, ಯಾಕೆಂದರೆ ಭಾನುವಾರ ನಿನ್ನ ಬದಲು ಇಲ್ಲಿರುವ ಬೇರೆಯವರು ಬರುತ್ತಾರೆ. ಪೇಶೆಂಟ್‌ಗಳ ಹೆಸರು ಇಲ್ಲಿ ಬೇಡ. ಮೇಜಿನ ಎಡಗಡೆ ಡ್ರಾಯರ್‌ನಲ್ಲಿ ಹಸಿರು ರಟ್ಟಿನ ಪುಸ್ತಕ ಇದೆ, ಅದರಲ್ಲಿ ಹೆಸರು, ಮನೆಯವರ ಫೋನ್, ಮಾತ್ರೆಯ ಲೆಕ್ಕ ಎಲ್ಲ ಇದೆ.

ದಿನದ ಕ್ರಮ ದೊಡ್ಡದೇನಲ್ಲ. ಬೆಳಿಗ್ಗೆ ಒಂಬತ್ತರ ಬಸ್ಸಿಗೆ ದೂರದವರು ಬಂದಿಳಿಯುತ್ತಾರೆ, ಅವರಿಗೆ ಹನ್ನೊಂದೂವರೆಗೆ ವಾಪಸ್ ಬಸ್, ಹಾಗಾಗಿ ಅವರನ್ನು ಮೊದಲು ನೋಡು. ಊರಿನವರು ಕಾಯುತ್ತಾರೆ, ಬೇಜಾರು ಮಾಡಿಕೊಳ್ಳುವುದಿಲ್ಲ. ರಕ್ತ ಪೇಟೆಯ ಲ್ಯಾಬಿಗೆ ಹೋಗುವುದೂ ಅದೇ ಬಸ್ಸಲ್ಲೇ. ಮಾತ್ರೆ ಕೊಡುವುದು, ಡ್ರೆಸ್ಸಿಂಗ್, ಲೆಕ್ಕ ಎಲ್ಲ ನಮ್ಮ ಕಾಂಪೌಂಡರ್ ಅಣ್ಣ ನೋಡಿಕೊಳ್ಳುತ್ತಾರೆ. ಅಷ್ಟು ಸಾಕು, ಉಳಿದದ್ದು ಎರಡು ದಿನದಲ್ಲಿ ನಿನಗೇ ಗೊತ್ತಾಗುತ್ತದೆ.

ನಾನು ಹೇಳಬೇಕಾಗಿರುವುದು ಸೂಜಿಯ ವಿಷಯ. ಇಲ್ಲಿ ಜ್ವರ ಅಂತ ಬಂದವರು ಕೂರುವ ಮುಂಚೆಯೇ "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಅನ್ನುತ್ತಾರೆ. ಅವರಿಗೆ ಬೇಕಾಗಿರುವುದು ಸೊಂಟಕ್ಕೆ ಡೈಕ್ಲೋಫಿನಾಕ್. ಹಾಕಿದರೆ ಸಂಜೆಗೆ ನೋವು ಇಳಿಯುತ್ತದೆ, ಹೆಸರೂ ಬರುತ್ತದೆ. ಆದರೆ ಈ ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ಕಡೆ ಅದನ್ನು ಕೈಗೆತ್ತಿಕೊಳ್ಳುವ ಮುಂಚೆ ಎರಡು ಪ್ರಶ್ನೆ ಕೇಳಲೇಬೇಕು. ಹದಿನೈದು ದಿನದಲ್ಲಿ ಕಾಡಿಗೆ ಹೋಗಿದ್ದಿರಾ? ದಿನಾ ಯಾವುದಾದರೂ ಮಾತ್ರೆ ನುಂಗುತ್ತೀರಾ?

ಮೊದಲನೇ ಪ್ರಶ್ನೆ ಯಾಕೆ ಅಂತ ನಿನಗೆ ಗೊತ್ತು, ಮಂಗನ ಕಾಯಿಲೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕಿದ್ದು ಇವತ್ತಿಗೂ ನಮ್ಮನ್ನು ಬಿಟ್ಟಿಲ್ಲ. "ಕಾಡಿಗೆ ಹೋಗಿದ್ದಿರಾ" ಅಂತ ಕೇಳಿದರೆ ಅರ್ಧ ಜನ ಇಲ್ಲ ಅನ್ನುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ಸೊಪ್ಪಿನ ಬೆಟ್ಟ ಕಾಡಲ್ಲ. ಹಾಗಾಗಿ ಬಿಡಿಸಿ ಕೇಳು: ತರಗೆಲೆ ಗುಡಿಸಿ ತಂದಿರಾ, ಸೌದೆಗೆ ಹೋಗಿದ್ದಿರಾ, ದನ ಮೇಯಿಸಲು ಹೋಗಿದ್ದಿರಾ, ಆ ಕಡೆ ಮಂಗ ಸತ್ತು ಬಿದ್ದಿದ್ದು ಯಾರಾದರೂ ನೋಡಿದ್ದಾರಾ, ಮೈಮೇಲೆ ಉಣುಗು ಸಿಕ್ಕಿತ್ತಾ. ಉಣುಗು ಕಚ್ಚಿದ ಮೇಲೆ ಸುಮಾರು ಮೂರರಿಂದ ಎಂಟು ದಿನಕ್ಕೆ ಜ್ವರ ಒಮ್ಮೆಲೇ ಏರುತ್ತದೆ. ಮುಂದಲೆ ಒಡೆದುಹೋಗುವಂಥ ತಲೆನೋವು, ಸೊಂಟ ಮತ್ತು ಮೀನಖಂಡ ಹಿಡಿದುಕೊಳ್ಳುವುದು, ಕಣ್ಣು ಕೆಂಪು. ರಕ್ತ ಮಾಡಿಸಿದರೆ ಬಿಳಿ ರಕ್ತಕಣ, ಪ್ಲೇಟ್‌ಲೆಟ್ ಎರಡೂ ಇಳಿದಿರುತ್ತವೆ. ಇಷ್ಟು ಸೇರಿದರೆ ಸೂಜಿ ಬೇಡವೇ ಬೇಡ. ಪ್ಲೇಟ್‌ಲೆಟ್ ಇಳಿದವರಿಗೆ ಡೈಕ್ಲೋಫಿನಾಕ್, ಆಸ್ಪಿರಿನ್ ರಕ್ತಸ್ರಾವಕ್ಕೆ ದಾರಿ ಮಾಡಿಕೊಡುತ್ತವೆ, ಸೊಂಟಕ್ಕೆ ಚುಚ್ಚಿದ ಕಡೆಯೂ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳಬಹುದು. ಪ್ಯಾರಾಸಿಟಮಾಲ್, ನೀರು, ಗಂಜಿ, ವಿಶ್ರಾಂತಿ. ಅವತ್ತೇ ಪಿಎಚ್‌ಸಿಗೆ ಫೋನ್ ಮಾಡು, ರಕ್ತದ ಮಾದರಿಯನ್ನು ಐಸ್ ಡಬ್ಬಿಯಲ್ಲಿ ಶಿವಮೊಗ್ಗದ ಲ್ಯಾಬಿಗೆ ಕಳಿಸುವುದು ಅವರ ಕೆಲಸ. ಮೊದಲ ವಾರದಲ್ಲೇ ಹೋದರೆ ಪಿಸಿಆರ್‌ನಲ್ಲಿ ವೈರಸ್ ಸಿಗುತ್ತದೆ, ಜ್ವರ ಬಿಟ್ಟ ಮೇಲೆ ಹೋದರೆ ಸಿಗದೇ ಇರಬಹುದು.

ಜ್ವರ ಬಿಟ್ಟಿತು ಅಂತ ಅವರ ಹೆಸರು ಹೊಡೆದುಹಾಕಬೇಡ. ಕೆಲವರಿಗೆ ಒಂದೆರಡು ವಾರ ಆರಾಮಾಗಿದ್ದು ಮತ್ತೆ ಜ್ವರ ಬರುತ್ತದೆ, ಆಗ ತಲೆಗೆ ಹತ್ತುತ್ತದೆ. ಕೈ ನಡುಕ, ಕುತ್ತಿಗೆ ಬಿಗಿತ, ಮಾತು ತಪ್ಪುವುದು. ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದ ಇಬ್ಬರು ಈಗ ಆ ನಡುವಿನ ದಿನಗಳಲ್ಲಿದ್ದಾರೆ. ಇಬ್ಬರೂ ಅಡಿಕೆ ತೋಟದ ಕೆಲಸಕ್ಕೆ ವಾಪಸ್ ಹೋಗಿದ್ದಾರೆ, ತಾವಾಗಿ ಬರುವುದಿಲ್ಲ. ಎರಡು ದಿನಕ್ಕೊಮ್ಮೆ ಕಾಂಪೌಂಡರ್ ಅಣ್ಣನ ಹತ್ತಿರ ಫೋನ್ ಮಾಡಿಸು. ಹೆಂಡತಿಯ ಹತ್ತಿರ ಕೇಳಿಸು, ಅವರಿಗೇ ಫೋನ್ ಮಾಡಿದರೆ ಅಡ್ಡಿಲ್ಲ ಅಂತ ಇಟ್ಟುಬಿಡುತ್ತಾರೆ.

ಎರಡನೇ ಪ್ರಶ್ನೆಗೆ ಕಾರಣ ನಮ್ಮ ಒಬ್ಬ ಅಮ್ಮ. ವಯಸ್ಸು ನಲವತ್ತೆರಡು, ಚಿಕ್ಕಂದಿನ ಕೀಲುಜ್ವರದಿಂದ ಹೃದಯದ ಕವಾಟ ಹಾಳಾಗಿ ಮೈಟ್ರಲ್ ಜಾಗಕ್ಕೆ ಲೋಹದ ಕವಾಟ ಹಾಕಿದ್ದಾರೆ. ಹತ್ತಿರ ಕೂತರೆ ಸ್ಟೆತಸ್ಕೋಪ್ ಇಲ್ಲದೇ ಟಿಕ್ ಟಿಕ್ ಕೇಳುತ್ತದೆ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಅದನ್ನು ಕೇಳಿಕೊಂಡೇ ನಿದ್ದೆ ಮಾಡುತ್ತೇನೆ ಅಂತ ಅವರೇ ಹೇಳುತ್ತಾರೆ. ಮೊದಲ ದಿನ ಬಂದಾಗ ಆ ಸದ್ದನ್ನು ಚೆನ್ನಾಗಿ ಕೇಳಿಸಿಕೊಂಡು ಮನಸ್ಸಲ್ಲಿ ಇಟ್ಟುಕೋ, ಏಕೆಂದರೆ ಅದು ಮಂಕಾದರೆ, ಜೊತೆಗೆ ಏದುಸಿರು ಇದ್ದರೆ, ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿದೆ ಅಂತಲೇ ತಿಳಿದು ಆಂಬುಲೆನ್ಸ್ ಕರೆಯಬೇಕು.

ದಿನಾ ರಾತ್ರಿ ರಕ್ತ ತೆಳು ಮಾಡುವ ವಾರ್ಫರಿನ್ 4 ಮಿಲಿಗ್ರಾಂ, ಹಾಗಾಗಿ ಇವರಿಗೂ ಆ ಸೂಜಿ ಬೇಡ. ಐಎನ್‌ಆರ್ 2.5ರಿಂದ 3.5ರ ಒಳಗೆ ಇರಬೇಕು. ಹೋದ ಮಳೆಗಾಲದಲ್ಲಿ ಏನಾಯಿತು ಅಂತ ಹೇಳುತ್ತೇನೆ. ತಿಂಗಳ ಮಾತ್ರೆಗೆ ಬಂದಿದ್ದರು, ತೊಂದರೆ ಏನೂ ಇಲ್ಲ ಅಂದರು. ಬಿಪಿ ನೋಡಿ ಪಟ್ಟಿ ಬಿಚ್ಚಿದೆ, ತೋಳಿನ ಸುತ್ತ ಪಟ್ಟಿ ಇದ್ದಲ್ಲೆಲ್ಲ ನೇರಳೆ ಚುಕ್ಕೆ. ಸೀರೆ ಸ್ವಲ್ಪ ಸರಿಸಿ ಅಂದರೆ ಮೊಣಕಾಲ ಕೆಳಗೆ ಅಂಗೈ ಅಗಲದ ಕಪ್ಪು. ಕೇಳುತ್ತಾ ಹೋದಾಗ ಗೊತ್ತಾಯಿತು, ನೆಂಟರ ಮನೆಗೆ ಹೋದಾಗ ಭೇದಿ ಆಗಿ ಅಲ್ಲಿ ಒಂದು ಕಡೆ ಮೆಟ್ರೊನಿಡಜೋಲ್ ಕೊಟ್ಟಿದ್ದರು, ಐದು ದಿನ. ಅದು ಲಿವರ್‌ನಲ್ಲಿ ವಾರ್ಫರಿನ್ ಒಡೆದು ಹೋಗುವುದನ್ನು ತಡೆಯುತ್ತದೆ, ಅದೇ 4 ಮಿಲಿಗ್ರಾಂ ಮೈಯಲ್ಲಿ ಎರಡರಷ್ಟು ಕೆಲಸ ಮಾಡುತ್ತದೆ. ಅವರು ಹೃದಯದ ಮಾತ್ರೆ ತಗೊಳ್ಳುತ್ತೇನೆ ಅಂತ ಹೇಳಲಿಲ್ಲ, ಅಲ್ಲಿಯವರು ಕೇಳಲಿಲ್ಲ. ಐಎನ್‌ಆರ್ 7.2 ಬಂತು.

ಆ ಸಂಖ್ಯೆ ನೋಡಿದ ತಕ್ಷಣ ವಿಟಮಿನ್ ಕೆ ಸೂಜಿ ಕೊಡೋಣ ಅನ್ನಿಸುತ್ತದೆ. ಲೋಹದ ಕವಾಟ ಇರುವವರಿಗೆ ಹಾಗೆ ಜಾಸ್ತಿ ಕೊಟ್ಟರೆ ಐಎನ್‌ಆರ್ ಒಮ್ಮೆಲೇ ಕೆಳಗೆ ಬಿದ್ದು ಕವಾಟವೇ ಕಟ್ಟಿಕೊಳ್ಳಬಹುದು, ಆಮೇಲೆ ಎಷ್ಟೋ ದಿನ ವಾರ್ಫರಿನ್ ಹತ್ತುವುದೂ ಇಲ್ಲ. ತಲೆನೋವು, ವಾಂತಿ, ಕಪ್ಪು ಮಲ, ಕೆಂಪು ಮೂತ್ರ ಯಾವುದೂ ಇರಲಿಲ್ಲ. ಅವರ ಹೃದಯದ ಡಾಕ್ಟರಿಗೆ ಫೋನ್ ಮಾಡಿ ಮಾತಾಡಿ, ಎರಡು ರಾತ್ರಿ ಮಾತ್ರೆ ನಿಲ್ಲಿಸಿದೆ. ಮಾರನೇ ದಿನ 5.1, ಮೂರನೇ ದಿನ 3.4, ಅವತ್ತು ರಾತ್ರಿಯಿಂದ ಮತ್ತೆ ಶುರು. ತಲೆನೋವು, ಕಪ್ಪು ಮಲ ಅಂತ ಹೇಳಿದೆನಲ್ಲ, ಆ ಲಕ್ಷಣಗಳಲ್ಲಿ ಒಂದಾದರೂ ಇದ್ದಿದ್ದರೆ ನಾನು ಇಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ, ನೀನೂ ಇಟ್ಟುಕೊಳ್ಳಬೇಡ.

ಇವರ ವಿಷಯದಲ್ಲಿ ಇನ್ನೆರಡು ಮಾತು. ಅಂಗಡಿಯಲ್ಲಿ ವಾರ್ಫರಿನ್ ಮುಗಿದಿದ್ದರೆ "ಎರಡೂ ರಕ್ತ ತೆಳು ಮಾಡುವುದೇ" ಅಂತ ಅಸಿನೊಕೌಮರಾಲ್ ಕೊಟ್ಟುಬಿಡುತ್ತಾರೆ. ಅದು ಮಿಲಿಗ್ರಾಂಗೆ ಮಿಲಿಗ್ರಾಂ ಸಮ ಅಲ್ಲ, ಹತ್ತಿರ ಹತ್ತಿರ ಎರಡು ಪಟ್ಟು ಬಲ. ಅದಕ್ಕೇ ಪ್ರತಿ ಸಲ ಮಾತ್ರೆಯ ಹಾಳೆ ತರಿಸಿ ಕಣ್ಣಾರೆ ನೋಡು. ಮತ್ತೆ, ಇವರಿಗೆ ಜ್ವರ ಬಂದರೆ ಮಂಗನ ಕಾಯಿಲೆ ಒಂದೇ ಯೋಚನೆ ಮಾಡಬೇಡ, ಕವಾಟಕ್ಕೆ ಸೋಂಕು ತಗುಲಿರಬಹುದು. ಆಂಟಿಬಯಾಟಿಕ್ ಶುರು ಮಾಡುವ ಮುಂಚೆ ಬ್ಲಡ್ ಕಲ್ಚರ್ ಆಗಬೇಕು, ಅಂದರೆ ಪೇಟೆಗೇ ಕಳಿಸಬೇಕು.

ಇನ್ನೊಬ್ಬರು ಒಂಟಿಯಾಗಿರುವ ಅಜ್ಜ, ಇನ್ಸುಲಿನ್ ತಾವೇ ಹಾಕಿಕೊಳ್ಳುತ್ತಾರೆ. ಬೆಳಿಗ್ಗೆ 20 ಯೂನಿಟ್, ರಾತ್ರಿ 10. ನವೆಂಬರ್‌ನಲ್ಲಿ ಸಕ್ಕರೆ ಇದ್ದಕ್ಕಿದ್ದಂತೆ 380 ಬಂತು. ಊಟ ಸರಿ ಇದೆ, ಬಾಟಲಿ ಹೊಸದು. ಡೋಸ್ ಏರಿಸಲು ಚೀಟಿ ಬರೆಯುತ್ತಿದ್ದೆ, ಯಾಕೋ "ಹಾಕಿಕೊಳ್ಳುವುದು ತೋರಿಸಿ ಅಜ್ಜ" ಅಂದೆ. ಚೀಲದಿಂದ ತೆಗೆದ ಸಿರಿಂಜ್‌ಗೆ ಕಿತ್ತಳೆ ಮುಚ್ಚಳ. ನಮ್ಮಲ್ಲಿ ಸಿಗುವ ಬಾಟಲಿ 40ರದ್ದು, ಅಂದರೆ ಒಂದು ಮಿಲಿಲೀಟರ್‌ನಲ್ಲಿ 40 ಯೂನಿಟ್, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್ ಬೇಕು. ಕಿತ್ತಳೆ 100ರದ್ದು. ಅದರಲ್ಲಿ 20ರ ಗೆರೆಗೆ ಎಳೆದರೆ ಬರುವುದು 0.2 ಮಿಲಿಲೀಟರ್, ಅಂದರೆ 8 ಯೂನಿಟ್ ಅಷ್ಟೇ. ನಾನು ಅವತ್ತು ಡೋಸ್ ಏರಿಸಿ ಕಳಿಸಿ, ಮುಂದಿನ ವಾರ ಅಂಗಡಿಯವರು ಕೆಂಪು ಮುಚ್ಚಳದ್ದು ಕೊಟ್ಟಿದ್ದರೆ ಅಜ್ಜ ರಾತ್ರಿ ಸಕ್ಕರೆ ಇಳಿದು ಏಳುತ್ತಲೇ ಇರಲಿಲ್ಲ. ಆ ಯೋಚನೆ ಈಗಲೂ ಬರುತ್ತದೆ. ಹಾಗಾಗಿ ಅವರ ಸಕ್ಕರೆ ಏರಿದ್ದರೆ ಮೊದಲು ಮುಚ್ಚಳ ನೋಡು, ಆಮೇಲೆ ಹೊಟ್ಟೆ ಮುಟ್ಟಿ ನೋಡು, ಒಂದೇ ಜಾಗಕ್ಕೆ ಚುಚ್ಚಿ ಗಂಟು ಕಟ್ಟಿದ್ದರೆ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ಡೋಸ್ ಮುಟ್ಟುವುದು ಕೊನೆಗೆ.

ಕೆಂಪು ಮುಚ್ಚಳದ ಸಿರಿಂಜ್ ಒಂದು ಪೊಟ್ಟಣ ಅವರಿಗೆ ಅಂತಲೇ ಎತ್ತಿಟ್ಟಿದ್ದೇನೆ, ದುಡ್ಡು ಕೇಳಬೇಡ. ನಮ್ಮ ಫ್ರಿಜ್‌ನಲ್ಲಿ ಅವರ ಬಾಟಲಿ ಬಾಗಿಲಿನ ಖಾನೆಯಲ್ಲೇ ಇರಲಿ. ಹಿಂದೆ ತಳ್ಳಿದರೆ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ್ದನ್ನು ಕರಗಿಸಿ ಕೊಡುವ ಹಾಗಿಲ್ಲ.

ಮೊದಲ ಸೋಮವಾರವೇ ಕವಾಟದ ಅಮ್ಮನ ಐಎನ್‌ಆರ್ ದಿನ. ನೀಲಿ ಮುಚ್ಚಳದ ಟ್ಯೂಬ್, ಗೆರೆಯವರೆಗೆ ಪೂರ್ತಿ ತುಂಬಬೇಕು, ರಕ್ತ ಕಮ್ಮಿ ಆದರೆ ಐಎನ್‌ಆರ್ ಸುಳ್ಳೇ ಜಾಸ್ತಿ ತೋರಿಸುತ್ತದೆ. ನಿಧಾನಕ್ಕೆ ನಾಲ್ಕೈದು ಸಲ ತಲೆಕೆಳಗು ಮಾಡು, ಅಲ್ಲಾಡಿಸಬೇಡ, ಫ್ರಿಜ್‌ಗೆ ಇಡಬೇಡ. ಹನ್ನೊಂದೂವರೆ ಬಸ್ಸಿಗೆ ಕಂಡಕ್ಟರ್ ಕೈಗೆ ಕೊಟ್ಟರೆ ಸಂಜೆ ಆರಕ್ಕೆ ಲ್ಯಾಬಿನಿಂದ ಮೆಸೇಜ್ ಬರುತ್ತದೆ. ಬರದಿದ್ದರೆ ನೀನೇ ಫೋನ್ ಮಾಡಿ ಕೇಳು. ಅವರು ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗುತ್ತಾರೆ, ಅದಕ್ಕಿಂತ ಮುಂಚೆ ಎಷ್ಟು ಅಂತ ಅವರಿಗೆ ಹೇಳಬೇಕು.