14 ದಿನದ ಕೂಸಿಗೆ ಟಂಗ್ ಟೈ: ಕತ್ತರಿಸಬೇಕಾ, ಕಾಯಬೇಕಾ?

ಬದಿಯಡ್ಕದ ಬಾಣಂತಿ: ಮಗಳಿಗೆ ಇವತ್ತಿಗೆ 14 ದಿನ. ಹುಟ್ಟುವಾಗ 3 ಕಿಲೋ ಇದ್ದಳು, ನಾಲ್ಕನೇ ದಿನ 2.78, ಇವತ್ತು 2.84. ಮುಕ್ಕಾಲು ಗಂಟೆ ಚೀಪುತ್ತಾಳೆ, ಬಿಟ್ಟ ಕೂಡಲೇ ಮತ್ತೆ ಅಳು. ನನ್ನ ಮೊಲೆತೊಟ್ಟು ಒಡೆದು ರಕ್ತ ಬರುತ್ತಿದೆ. ಟಂಗ್ ಟೈ, ಅಂದರೆ ನಾಲಿಗೆ ಕೆಳಗಿನ ಎಳೆ ಗಿಡ್ಡ ಉಂಟು, ಬೇಕಾದರೆ ಕತ್ತರಿಸಬಹುದು ಎಂದರು ಡಾಕ್ಟರು. ಅತ್ತೆ ಬೇಡ ಎನ್ನುತ್ತಾರೆ. ಕತ್ತರಿಸದಿದ್ದರೆ ಮಾತು ಬರುವುದಿಲ್ಲವಾ? ಅನುಭವ ಇದ್ದವರು ಹೇಳಿ.

ಪೆರ್ಲದ ಅಕ್ಕ: ನನ್ನ ಎರಡನೆಯವನಿಗೆ ಕತ್ತರಿಸಿದ್ದೆವು ತಂಗಿ. ಅವನು ಅತ್ತರೆ ನಾಲಿಗೆ ಮೇಲೆ ಏಳುತ್ತಿರಲಿಲ್ಲ, ತುದಿಯ ನಡುವೆ ತಗ್ಗು ಬೀಳುತ್ತಿತ್ತು. ಕುಡಿಯುವಾಗ ಟಕ್ ಟಕ್ ಸದ್ದು, ಬಾಯಿಯ ಮೂಲೆಯಿಂದ ಹಾಲು ಸೋರುವುದು. ಕುಡಿದು ಬಿಟ್ಟ ಮೇಲೆ ನನ್ನ ತೊಟ್ಟು ಹೊಸ ಲಿಪ್‌ಸ್ಟಿಕ್ಕಿನ ಹಾಗೆ ಒಂದು ಬದಿಗೆ ಚಪ್ಪಟೆಯಾಗಿರುತ್ತಿತ್ತು.

ಕತ್ತರಿಸುವುದು ಅಂದರೆ ಆಪರೇಷನ್ ಥಿಯೇಟರು, ಅರಿವಳಿಕೆ ಎಂದೆಲ್ಲ ನಾನು ಹೆದರಿದ್ದೆ. ಹಾಗೇನೂ ಇರಲಿಲ್ಲ. ಮಗುವನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರು. ನರ್ಸ್ ತಲೆ ಹಿಡಿದುಕೊಂಡರು. ಡಾಕ್ಟರು ನಾಲಿಗೆಯನ್ನು ಮೇಲೆತ್ತಿ, ಮೊಂಡು ತುದಿಯ ಸಣ್ಣ ಕತ್ತರಿಯಿಂದ ಆ ತೆಳು ಪೊರೆಯನ್ನು ಕತ್ತರಿಸಿದರು. ಕೆಲವು ಹನಿ ರಕ್ತ ಬಂತು, ಹತ್ತಿಬಟ್ಟೆ ಒತ್ತಿದರು, ಕೂಡಲೇ ಎದೆಗೆ ಕೊಡಲು ಹೇಳಿದರು. ಮರುದಿನ ನಾಲಿಗೆ ಕೆಳಗೆ ಬಿಳಿ-ಹಳದಿ ಕಲೆ ಕಂಡು ಕೀವು ಅಂದುಕೊಂಡೆವು. ಅದು ಗಾಯ ಮಾಯುವ ಲಕ್ಷಣವಂತೆ, ವಾರ ಎರಡು ವಾರದಲ್ಲಿ ಹೋಗುತ್ತದೆ. ನನ್ನ ನೋವು ಮಾತ್ರ ಆ ಹೊತ್ತಿನಿಂದಲೇ ಕಡಿಮೆ.

ಉಪ್ಪಳ ಗೇಟ್: ನಮ್ಮ ಮಗುವಿಗೂ ಹೀಗೇ ಆಗಿತ್ತು, ನಾಲಿಗೆ ಪೂರ್ತಿ ಬೆಳ್ಳಗೆ. ಡಾಕ್ಟರು ಹನಿ ಮದ್ದು ಕೊಟ್ಟರು, ಸರಿಯಾಯಿತು. ಕತ್ತರಿ ಯಾಕೆ ಬೇಕು?

ಪೆರ್ಲದ ಅಕ್ಕ: ಅದು ಬಾಯಿಯ ಫಂಗಸ್ ಇರಬೇಕು. ಇದು ಬೇರೆ ಮಾರಾಯ್ರೆ.

ಕುಂಬಳೆ ಮಾಸ್ಟ್ರು: ಅನುಮಾನವೇ ಬೇಡ, ಕತ್ತರಿಸಿ. ಹೊಸ ಮಕ್ಕಳಲ್ಲಿ ಸುಲಭ. ದೊಡ್ಡದಾದರೆ ಅರಿವಳಿಕೆ ಕೊಟ್ಟು ಮಾಡಬೇಕಾಗುತ್ತದೆ. ಬಿಟ್ಟರೆ ಮಾತು ತಡವಾಗುತ್ತದೆ. ನನ್ನ ಭಾವನ ಮಗ ಮೂರು ವರ್ಷವಾದರೂ ‘ರ’ ಅನ್ನುತ್ತಿರಲಿಲ್ಲ. ಅಲ್ಲಿಯವರೆಗೆ ಬಜೆ ತೇಯ್ದು ಜೇನಲ್ಲಿ ನೆಕ್ಕಿಸಿ, ನಾಲಿಗೆ ಸಡಿಲವಾಗುತ್ತದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಅದೇ.

ದೇರಳಕಟ್ಟೆ ಸಿಸ್ಟರ್: ಮಾಸ್ಟ್ರೇ, ಚಿಕ್ಕದಿದ್ದಾಗ ಸುಲಭ, ದೊಡ್ಡದಾದರೆ ಅರಿವಳಿಕೆ ಬೇಕು, ಇಷ್ಟು ಸರಿ. ಉಳಿದದ್ದನ್ನು ಒಪ್ಪುವುದು ಕಷ್ಟ. ಬಜೆ ಆ ಎಳೆಯನ್ನು ಸಡಿಲ ಮಾಡುವುದಿಲ್ಲ. ಜೇನು ಒಂದು ವರ್ಷದವರೆಗೆ ಕೊಡಲೇಬಾರದು, ಬಾಟ್ಯುಲಿಸಂ ಎಂಬ ಗಂಭೀರ ವಿಷಬಾಧೆ ಆಗುವ ಅಪಾಯ ಉಂಟು.

ಹೆರಿಗೆ ವಾರ್ಡಿನಲ್ಲಿ ಬಹಳ ವರ್ಷ ಇದ್ದೆ, ಅದಕ್ಕೇ ಹೇಳುತ್ತೇನೆ, ಎಳೆ ನೋಡಿ ತೀರ್ಮಾನ ಮಾಡಬೇಡಿ. ಎಳೆ ಗಿಡ್ಡ ಇದ್ದೂ ಚೆನ್ನಾಗಿ ಕುಡಿಯುವ ಮಕ್ಕಳು ಬೇಕಾದಷ್ಟು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2024ರಲ್ಲಿ ಇದನ್ನೇ ಬರೆದಿದೆ: ಟಂಗ್ ಟೈ ಲಕ್ಷಣ ಇರುವ ಮಕ್ಕಳಲ್ಲಿ ಅರ್ಧಕ್ಕಿಂತ ಕಡಿಮೆ ಜನಕ್ಕೆ ಮಾತ್ರ ಎದೆಹಾಲಿಗೆ ತೊಂದರೆಯಾಗುತ್ತದೆ.

ನಿಮ್ಮ ಮಗಳಿಗೆ ತೊಂದರೆ ಆಗುತ್ತಿದೆ, ಲೆಕ್ಕವೇ ಹೇಳುತ್ತದೆ ನೋಡಿ. ಮೊದಲ ದಿನಗಳಲ್ಲಿ 220 ಗ್ರಾಂ ಇಳಿದದ್ದು ದೊಡ್ಡ ವಿಷಯವಲ್ಲ, ಶೇಕಡಾ ಏಳರಷ್ಟು ಎಲ್ಲ ಮಕ್ಕಳೂ ಇಳಿಯಬಹುದು. ಆದರೆ ಆಮೇಲೆ ದಿನಕ್ಕೆ 20ರಿಂದ 30 ಗ್ರಾಂ ಏರಬೇಕಿತ್ತು. ಹತ್ತು ದಿನದಲ್ಲಿ 60 ಗ್ರಾಂ ಅಂದರೆ ದಿನಕ್ಕೆ ಆರು. ಎರಡು ವಾರಕ್ಕೆ ಹುಟ್ಟಿನ ತೂಕಕ್ಕಾದರೂ ಮರಳಬೇಕು, ಮರಳಿಲ್ಲ. ಎರಡು ತೂಕವೂ ಒಂದೇ ತಕ್ಕಡಿಯದ್ದಾ, ಬಟ್ಟೆ ಬಿಚ್ಚಿ ನೋಡಿದ್ದಾ? ಅದನ್ನೊಮ್ಮೆ ಖಚಿತ ಮಾಡಿಕೊಳ್ಳಿ. ದಿನಕ್ಕೆ ಎಷ್ಟು ಬಟ್ಟೆ ಚಂಡಿ ಆಗುತ್ತದೆ, ಎಣಿಸಿ. ಈ ವಯಸ್ಸಿಗೆ ಆರಕ್ಕಿಂತ ಕಡಿಮೆ ಆದರೆ, ಅಥವಾ ಎಬ್ಬಿಸಿದರೂ ಎಚ್ಚರವಾಗದಷ್ಟು ಮಂಕಾಗಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಎಳೆಯ ವಿಚಾರ ಆಮೇಲೆ.

ಕತ್ತರಿಗೆ ಮೊದಲು ಇನ್ನೊಂದು ಕೆಲಸ. ಯಾರಾದರೂ ತಿಳಿದವರು ಪಕ್ಕದಲ್ಲಿ ಕೂತು ಒಂದು ಪೂರ್ತಿ ಹಾಲೂಡಿಕೆ ನೋಡಲಿ. ನೀವು ಸ್ವಲ್ಪ ಹಿಂದಕ್ಕೆ ಒರಗಿ ಕೂತು, ಮಗುವಿನ ಗದ್ದ ಮೊದಲು ಎದೆಗೆ ತಾಗುವ ಹಾಗೆ, ಬಾಯಿ ದೊಡ್ಡದಾಗಿ ತೆರೆದಾಗ ಹತ್ತಿರ ತನ್ನಿ. ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ, ಅದರಲ್ಲೂ ಕೆಳಗಿನದ್ದು ಜಾಸ್ತಿ, ಬಾಯೊಳಗೆ ಹೋಗಬೇಕು. ಎಷ್ಟೋ ಮಕ್ಕಳಿಗೆ ಇಷ್ಟರಲ್ಲೇ ಸರಿಯಾಗುತ್ತದೆ. ಇದನ್ನು ಸರಿ ಮಾಡಿದ ಮೇಲೂ ನೋವು, ತೂಕ ಎರಡೂ ಹಾಗೇ ಇದ್ದು, ಬೆರಳಿಟ್ಟು ನೋಡಿದಾಗ ನಾಲಿಗೆ ನಿಜಕ್ಕೂ ಏಳದಿದ್ದರೆ, ಆಗ ಕತ್ತರಿಸುವುದಕ್ಕೆ ಅರ್ಥ ಉಂಟು. ತಾಯಿಯ ನೋವು ಕಡಿಮೆಯಾಗುವುದು ಅಧ್ಯಯನಗಳಲ್ಲಿ ಸ್ವಲ್ಪ ಸ್ಪಷ್ಟವಾಗಿ ಕಂಡಿದೆ. ಮಗು ಕುಡಿಯುವುದು ಸುಧಾರಿಸುತ್ತದಾ ಅನ್ನುವುದು ಅಷ್ಟು ಸ್ಪಷ್ಟವಿಲ್ಲ.

ಅಲ್ಲಿಯವರೆಗೆ ಹಸಿವಲ್ಲಿ ಬಿಡಬೇಡಿ. ಎದೆಗೆ ಕೊಟ್ಟ ಮೇಲೆ ಕೈಯಿಂದ ಹಾಲು ಹಿಂಡಿ ಒಳಲೆಯಲ್ಲಿ ಕೊಡಿ. ಹಿಂಡದಿದ್ದರೆ ನಿಮ್ಮ ಹಾಲೂ ಕಡಿಮೆಯಾಗುತ್ತದೆ.

ಮಂಜೇಶ್ವರದ ಭಾಷಾ ಥೆರಪಿಸ್ಟ್: ಮಾತಿನ ಬಗ್ಗೆ ಮಾತ್ರ ಹೇಳುತ್ತೇನೆ. ಎಳೆ ಗಿಡ್ಡ ಇದ್ದರೆ ಮಾತು ಶುರುವಾಗುವುದೇ ತಡ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಮಾತು ತಡವಾದರೆ ನಾವು ಮೊದಲು ಕಿವಿ ಪರೀಕ್ಷೆ ಮಾಡಿಸುತ್ತೇವೆ. ಕೆಲವು ಮಕ್ಕಳಿಗೆ ಉಚ್ಚಾರ ಕಷ್ಟವಾಗಬಹುದು, ಅದೂ ನಾಲಿಗೆ ತುದಿ ಏಳಬೇಕಾದ ‘ಲ’, ‘ರ’ದಲ್ಲಿ, ತುದಿ ಹಿಂದಕ್ಕೆ ಮಡಚಬೇಕಾದ ‘ಳ’, ‘ಣ’ದಲ್ಲಿ. ಆದರೆ ‘ರ’ ಎಲ್ಲ ಮಕ್ಕಳಿಗೂ ತಡವಾಗಿಯೇ ಬರುತ್ತದೆ. ಮೂರು ವರ್ಷದ ಹುಡುಗನಿಗೆ ಬರಲಿಲ್ಲ ಎಂದು ಎಳೆಯನ್ನು ದೂರಬೇಡಿ ಮಾಸ್ಟ್ರೇ. ಮುಂದೆ ಮಾತು ಕೆಡಬಹುದು ಎಂದು ಈಗಲೇ ಕತ್ತರಿಸುವುದಕ್ಕೆ ನಾನಂತೂ ಹೇಳುವುದಿಲ್ಲ.

ಕುಂಬಳೆ ಮಾಸ್ಟ್ರು: ಸರಿ, ಆದರೆ ಭಾವನ ಮಗ ಕತ್ತರಿಸಿದ ಮೇಲೆಯೇ ಚೆನ್ನಾಗಿ ಮಾತಾಡಿದ್ದು.

ಮಂಜೇಶ್ವರದ ಭಾಷಾ ಥೆರಪಿಸ್ಟ್: ವಯಸ್ಸೂ ಒಂದು ವರ್ಷ ಜಾಸ್ತಿ ಆಗಿತ್ತಲ್ವಾ!

ಬದಿಯಡ್ಕದ ಬಾಣಂತಿ: ಎಲ್ಲರಿಗೂ ಥ್ಯಾಂಕ್ಸ್. ತಕ್ಕಡಿ ಒಂದೇ, ಬಟ್ಟೆ ಇಲ್ಲದೆಯೇ ತೂಗಿದ್ದು. ಚಂಡಿ ಬಟ್ಟೆ ನಿನ್ನೆ ಆರು, ಏಳು ಇತ್ತು. ಒಳಲೆ ಅತ್ತೆಯ ಹತ್ತಿರವೇ ಇತ್ತು, ಇವತ್ತಿನಿಂದ ಶುರು ಮಾಡಿದೆ. ಕತ್ತರಿಸಿದರೆ ರಕ್ತ ನಿಲ್ಲದೆ ಹೋದರೆ ಎಂಬುದೇ ಅತ್ತೆಯ ಭಯ. ಮತ್ತೆ ಆಮೇಲೆ ದಿನಾ ನಾಲಿಗೆ ಎತ್ತಿ ಉಜ್ಜಬೇಕು ಎಂದೂ ಯಾರೋ ಹೇಳಿದರು.

ದೇರಳಕಟ್ಟೆ ಸಿಸ್ಟರ್: ಅತ್ತೆಯ ಭಯ ಸುಮ್ನೆ ಅಲ್ಲ. ಹುಟ್ಟಿದಾಗ ವಿಟಮಿನ್ ಕೆ ಇಂಜೆಕ್ಷನ್ ಕೊಟ್ಟದ್ದು ಡಿಸ್ಚಾರ್ಜ್ ಕಾರ್ಡಿನಲ್ಲಿ ಇದೆಯಾ ನೋಡಿ. ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟದ ಕಾಯಿಲೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಗದ್ದ ತೀರಾ ಹಿಂದೆ ಸರಿದ ಮಕ್ಕಳಿಗೆ ಉಸಿರಾಟದ ಅಪಾಯ ಇರುವುದರಿಂದ ಬಹಳ ಯೋಚಿಸಿ ಮಾಡುತ್ತಾರೆ, ಅದನ್ನೂ ಕೇಳಿ. ಉಜ್ಜುವುದರಿಂದ ಲಾಭ ಇದೆ ಅನ್ನುವುದಕ್ಕೆ ಆಧಾರ ಇಲ್ಲ. ಮಗುವಿಗೆ ನೋವು, ಬಾಯಿಗೆ ಏನು ತಂದರೂ ಮುಖ ತಿರುಗಿಸಲು ಕಲಿಯುತ್ತದೆ.

ಪೆರ್ಲದ ಅಕ್ಕ: ನಮಗೆ ಉಜ್ಜಲು ಹೇಳಿದ್ದರು ಸಿಸ್ಟರ್. ಮಾಡಿದೆವು, ಎಳೆ ಮತ್ತೆ ಕೂಡಲಿಲ್ಲ. ಮಾಡದಿದ್ದರೂ ಕೂಡುತ್ತಿರಲಿಲ್ಲವೇನೋ, ಯಾರಿಗೆ ಗೊತ್ತು.

ಬದಿಯಡ್ಕದ ಬಾಣಂತಿ: ವಿಟಮಿನ್ ಕೆ ಕೊಟ್ಟದ್ದು ಕಾರ್ಡಿನಲ್ಲಿ ಉಂಟು. ನಾಳೆ ಒಬ್ಬರು ನರ್ಸ್ ಕೂತು ಹಾಲೂಡಿಸುವುದು ನೋಡುತ್ತಾರಂತೆ. ಮೂರು ದಿನ ಬಿಟ್ಟು ಮತ್ತೆ ತೂಕ. ಇನ್ನೊಂದು ಆಸ್ಪತ್ರೆಯಲ್ಲಿ ಲೇಸರಿನಲ್ಲಿ ಮಾಡುತ್ತಾರಂತೆ, ದುಡ್ಡು ಜಾಸ್ತಿ. ಮಾಡಿಸಿದವರು ಯಾರಾದರೂ ಇದ್ದೀರಾ?