28 ಅಡಿ ಬಾವಿಗೆ 34 ರಿಂಗ್ ಯಾಕೆ

«ಭಾವ, ತೋಟದ ಬಾವಿ 28 ಅಡಿ ಆಯ್ತು. ಕೆಳಗೆ ಶೇಡಿ, ಆ ಮೆತ್ತನೆ ಬಿಳಿ ಮಣ್ಣು, ಕುಸೀತಾ ಇದೆ. ಮೇಸ್ತ್ರಿ 28 ರಿಂಗ್ ಸಾಕು ಅಂತಾರೆ, ರಿಂಗ್ ಮಾಡೋರು 34 ಬೇಕು ಅಂತಾರೆ. ಯಾರ ಮಾತು ನಂಬೋದು? ಮೇಲಿನ ಸ್ಲ್ಯಾಬಿನ ಲೆಕ್ಕನೂ ಹೇಳಿ.»

ಭಾವ, ಟೈಪ್ ಮಾಡುತ್ತಾ ಕೂತರೆ ಮುಗಿಯೋದಿಲ್ಲ, ಅದಕ್ಕೇ ಮಾತಾಡಿದ ಹಾಗೇ ಹೇಳುತ್ತಾ ಹೋಗುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ. ಸಂಜೆ ಕಾಫಿ ಕುಡಿಯುತ್ತಾ ಕೇಳಿ.

ರಿಂಗ್ ಮಾಡುವವರು ಹೇಳಿದ್ದೇ ಸರಿ. ಅವರು ವ್ಯಾಪಾರಕ್ಕೆ ಜಾಸ್ತಿ ಹೇಳಿದ್ದಲ್ಲ. ನಿಮ್ಮ ಮೇಸ್ತ್ರಿ ಎರಡು ವಿಷಯ ಬಿಟ್ಟಿದ್ದಾರೆ. ಮೊದಲನೆಯದು, ಬಾವಿ 28 ಅಡಿ ಅಂದರೆ ಅದು ನೆಲದವರೆಗೆ ಮಾತ್ರ. ನೆಲದ ಮೇಲೆ 3 ಅಡಿಯಾದರೂ ಏಳಬೇಕಲ್ವಾ? ಇಲ್ಲದಿದ್ದರೆ ಜೂನ್ ತಿಂಗಳಲ್ಲಿ ತೋಟದ ಕೆಂಪು ನೀರೆಲ್ಲ ನೇರ ಬಾವಿಗೆ ಇಳಿಯುತ್ತದೆ, ಜೊತೆಗೆ ಕಪ್ಪೆ, ಹಾವು. ಹಾಗಾಗಿ ಒಟ್ಟು 31 ಅಡಿ.

ಎರಡನೆಯದು ನೀವು ಹಾಕಿದ ಫೋಟೋದಲ್ಲೇ ಇದೆ. ರಿಂಗಿನ ಅಂಚನ್ನು ಸ್ವಲ್ಪ ದೊಡ್ಡದು ಮಾಡಿ ನೋಡಿ, ಕಚ್ಚು ಕಾಣುತ್ತದೆ. ಮೇಲಿನ ರಿಂಗ್ ಕೆಳಗಿನದರೊಳಗೆ ಒಂದು ಇಂಚು ಕೂರುತ್ತದೆ. ಅಂದರೆ ಟೇಪ್ ಹಿಡಿದರೆ ರಿಂಗ್ 12 ಇಂಚು, ಬಾವಿಯೊಳಗೆ ಅದು ಏರಿಸುವುದು 11 ಇಂಚು ಮಾತ್ರ. 31 ಅಡಿಗೆ 372 ಇಂಚು. ಅದನ್ನು 11ರಿಂದ ಭಾಗಿಸಿ, 33.8 ಬರುತ್ತದೆ. ಹಾಗಾಗಿ 34. ಇಳಿಸುವಾಗ ಒಂದು ಒಡೆಯಬಹುದು ಅಂತ 35 ಹೇಳಿಬಿಡಿ. ಒಂದು ರಿಂಗಿಗೋಸ್ಕರ ಮತ್ತೆ ಗಾಡಿ ಕರೆಸುವುದು ರಿಂಗಿಗಿಂತ ದುಬಾರಿ. ಕಚ್ಚಿಲ್ಲದ ಚಪ್ಪಟೆ ಅಂಚಿನ ರಿಂಗ್ ಆಗಿದ್ದರೆ 31ಕ್ಕೇ ಮುಗಿಯುತ್ತಿತ್ತು. ಆದರೆ ಶೇಡಿ ಮಣ್ಣಿನಲ್ಲಿ ಚಪ್ಪಟೆ ಅಂಚು ಬೇಡವೇ ಬೇಡ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಒಂದು ರಿಂಗಿನಲ್ಲಿ ಎಷ್ಟು ಕಾಂಕ್ರೀಟ್ ಇದೆ ಅನ್ನುವುದು. ಇದು ಗೊತ್ತಿದ್ದರೆ ಕೊಡುವವರು ಏನು ಕೊಡುತ್ತಿದ್ದಾರೆ ಅಂತ ನಿಮಗೇ ತಿಳಿಯುತ್ತದೆ. ನಿಮ್ಮದು ಒಳಗೆ 4 ಅಡಿ, ಹೊರಗೆ ನಾಲ್ಕೂವರೆ ಅಡಿ, ದಪ್ಪ 3 ಇಂಚು. ಬಳೆಯನ್ನು ಕತ್ತರಿಸಿ ನೆಟ್ಟಗೆ ಮಾಡಿದ ಹಾಗೆ ಯೋಚಿಸಿ. ಒಳಗಿನ ಅಳತೆ ತಗೊಂಡರೆ ಕಮ್ಮಿ ಆಗುತ್ತದೆ, ಹೊರಗಿನದು ತಗೊಂಡರೆ ಜಾಸ್ತಿ ಆಗುತ್ತದೆ, ಹಾಗಾಗಿ ನಡುವಿನ 4.25 ಅಡಿ ಹಿಡಿಯಬೇಕು. ಅದಕ್ಕೆ 3.14 ಗುಣಿಸಿದರೆ 13.35 ಅಡಿ ಉದ್ದ. ದಪ್ಪ ಕಾಲು ಅಡಿ. ಒಂದು ಅಡಿ ಎತ್ತರಕ್ಕೆ 3.34 ಘನ ಅಡಿ ಆಯಿತು. ಕಚ್ಚಿನ ಜಾಗದಲ್ಲಿ ಅರ್ಧ ದಪ್ಪವೇ ಇರುವುದರಿಂದ ಇಲ್ಲೂ ಲೆಕ್ಕಕ್ಕೆ 11 ಇಂಚೇ. ಹಾಗಾಗಿ ಒಂದು ರಿಂಗಿಗೆ 3.06 ಘನ ಅಡಿ, 34ಕ್ಕೆ ಸುಮಾರು 104 ಘನ ಅಡಿ.

ಒಂದು ಘನ ಮೀಟರ್ ಕಾಂಕ್ರೀಟ್ ಸುಮಾರು 2400 ಕೆಜಿ ತೂಗುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಒಂದು ರಿಂಗ್ 208 ಕೆಜಿ, 34 ಸೇರಿ 7 ಟನ್. ಎರಡೂವರೆ ಟನ್ ಹೊರುವ ಚಿಕ್ಕ ಲಾರಿಗೆ ಮೂರು ಟ್ರಿಪ್. ನಿಮ್ಮ ತೋಟದ ಇಳಿಜಾರಿನ ದಾರಿಯಲ್ಲಿ ಒಂದೇ ದೊಡ್ಡ ಲಾರಿ ತರಿಸುವ ಯೋಚನೆ ಮಾಡಬೇಡಿ, ಮೋರಿಯ ಹತ್ತಿರವೇ ಕೂತುಬಿಡುತ್ತದೆ.

ತೂಕ ಯಾಕೆ ಹೇಳಿದೆ ಅಂದರೆ, 3 ಇಂಚು ಅಂತ ಹೇಳಿ 2 ಇಂಚಿನ ರಿಂಗ್ ಇಳಿಸುವವರಿದ್ದಾರೆ. 2 ಇಂಚಿನದು 136 ಕೆಜಿ ಅಷ್ಟೇ. ಗಾಡಿಯಿಂದ ಇಳಿಸುವಾಗ ಇಬ್ಬರು ಸುಲಭವಾಗಿ ಮಗುಚಿ ಉರುಳಿಸಿಕೊಂಡು ಹೋದರೆ ಅನುಮಾನ ಪಡಿ. ಅಂಚಿನಲ್ಲಿ ಮಾತ್ರ ಟೇಪ್ ಹಿಡಿಯಬೇಡಿ, ಕೆಲವು ಅಚ್ಚಿನಲ್ಲಿ ಅಂಚು ದಪ್ಪ ಇದ್ದು ನಡು ತೆಳ್ಳಗಿರುತ್ತದೆ. ಒಳಗಿನ ಅಡ್ಡಗಲ, ಹೊರಗಿನ ಅಡ್ಡಗಲ ಎರಡೂ ನಡುಭಾಗದಲ್ಲಿ ನೋಡಿ, ಕಳೆದು ಅರ್ಧ ಮಾಡಿ. ದಪ್ಪ 2 ಇಂಚಾದರೆ ಕಚ್ಚಿಗೆ ಸಿಗುವುದು ಒಂದೊಂದೇ ಇಂಚು, ಅದು ಕೂರಿಸುವಾಗಲೇ ಚಕ್ಕೆ ಏಳುತ್ತದೆ. ಇನ್ನೊಂದು, ಅಚ್ಚಿನಿಂದ ತೆಗೆದು ಎಷ್ಟು ದಿನ ಆಯಿತು ಅಂತ ಕೇಳಿ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಒಟ್ಟಿಗೇ ರಿಂಗ್ ಬೇಕು, ಮೂರು ನಾಲ್ಕು ದಿನದ್ದನ್ನೇ ಕಳಿಸಿಬಿಡುತ್ತಾರೆ. ಎರಡು ವಾರ ನೀರು ಕುಡಿದ ರಿಂಗ್ ಕೇಳಿ.

ನೀವೇ ಅಂಗಳದಲ್ಲಿ ಮಾಡಿಸಿದರೂ ಆಗುತ್ತದೆ. ಒಂದು ಪಾಲು ಸಿಮೆಂಟ್, ಒಂದೂವರೆ ಮರಳು, ಮೂರು ಪಾಲು ಸಣ್ಣ ಜಲ್ಲಿ ಹಾಕಿದರೆ ಒಂದು ರಿಂಗಿಗೆ 35 ಕೆಜಿ ಸಿಮೆಂಟ್ ಹಿಡಿಯುತ್ತದೆ, ಒಟ್ಟು 24 ಚೀಲ. ಆದರೆ ಅಚ್ಚು ಬಾಡಿಗೆ, ಆಳು, ಎರಡು ವಾರ ನೀರು ಹೊಡೆಯುವುದು ಎಲ್ಲ ಸೇರಿಸಿದರೆ ಉಳಿತಾಯ ದೊಡ್ಡದೇನಲ್ಲ. ನಾನಾಗಿದ್ದರೆ ಕೊಂಡುಕೊಳ್ಳುತ್ತಿದ್ದೆ. ಕೆಳಗಿನ 10 ರಿಂಗಿಗೆ ಮಾತ್ರ ತೂತು ಇಟ್ಟು ಮಾಡಿಕೊಡಿ ಅಂತ ಮುಂಚೆಯೇ ಹೇಳಿ. ಆಮೇಲೆ ಡ್ರಿಲ್ ಹೊಡೆದರೆ ರಿಂಗ್ ಬಿರುಕು ಬಿಡುತ್ತದೆ. ಆ ಹತ್ತರ ಸಂದಿಗೆ ಸಿಮೆಂಟ್ ಮೆತ್ತುವುದೂ ಬೇಡ, ನೀರು ಬರಬೇಕಾದ್ದೇ ಅಲ್ಲಿಂದ.

ಈಗ ಕೇಳಿ, ಯಾರೂ ಲೆಕ್ಕ ಹಾಕದ ವಿಷಯ. ನೀವು ಬಾವಿ ತೋಡಿದ್ದು 6 ಅಡಿ ಅಗಲ. ರಿಂಗಿನ ಹೊರ ಅಳತೆ ನಾಲ್ಕೂವರೆ. ಸುತ್ತಲೂ 9 ಇಂಚು ಖಾಲಿ ಜಾಗ. 9 ಇಂಚು ತಾನೇ ಅಂತ ಅನ್ನಿಸುತ್ತದೆ. ಆದರೆ ಒಂದು ಅಡಿ ಎತ್ತರಕ್ಕೆ ಅದು 12.4 ಘನ ಅಡಿ. ರಿಂಗಿನ ಕಾಂಕ್ರೀಟಿನ ಮೂರೂವರೆ ಪಾಲಿಗಿಂತ ಜಾಸ್ತಿ! 28 ಅಡಿಗೆ 346 ಘನ ಅಡಿ ತುಂಬಿಸುವ ಸಾಮಾನು ಬೇಕು. ರಿಂಗಿಗೆ ದುಡ್ಡು ಎತ್ತಿಟ್ಟವರು ಇದಕ್ಕೆ ಏನೂ ಇಟ್ಟಿರುವುದಿಲ್ಲ. ಕೊನೆಗೆ ತೋಡಿದ ಮಣ್ಣನ್ನೇ ಮೇಲಿನಿಂದ ಸುರಿದು ಮುಗಿಸುತ್ತಾರೆ.

ನಮ್ಮ ಕಡೆ ಬಾವಿ ಕೆಡುವುದು ಇಲ್ಲೇ. ಮೇಲೆ ಜಂಬಿಟ್ಟಿಗೆ ಗಟ್ಟಿಯಾಗಿ ನಿಂತಿರುತ್ತದೆ, ನೋಡಿದರೆ ಧೈರ್ಯ ಬರುತ್ತದೆ. ಅದರ ಕೆಳಗಿನ ಶೇಡಿ ಒಣಗಿದ್ದಾಗ ಗೋಡೆ ಹಾಗೆ ಇದ್ದು, ನೀರು ಕುಡಿದ ಮೇಲೆ ಬೆಣ್ಣೆ. ಮಳೆಗಾಲದಲ್ಲಿ ಒಂದು ಬದಿಯಿಂದ ಜಾರಿ ಖಾಲಿ ಜಾಗಕ್ಕೆ ಬಿದ್ದರೆ ಆ ಬದಿಯಿಂದ ಮಾತ್ರ ರಿಂಗಿಗೆ ಒತ್ತಡ. ಸುತ್ತಲೂ ಸಮನಾಗಿ ಒತ್ತಿದರೆ ರಿಂಗಿಗೆ ಏನೂ ಆಗುವುದಿಲ್ಲ, ಒಂದೇ ಕಡೆ ತಳ್ಳಿದರೆ ಚಪ್ಪಟೆ ಅಂಚಿನದು ಪಕ್ಕಕ್ಕೆ ಸರಿದುಬಿಡುತ್ತದೆ. ಕಚ್ಚು ಬೇಕು ಅಂದಿದ್ದು ಇದಕ್ಕೇ. ಹಳೆಯ ರಿಂಗ್ ಬಾವಿಗೆ ಟಾರ್ಚ್ ಬಿಟ್ಟು ನೋಡಿ, ಎಷ್ಟೋ ಕಡೆ ನಡುವೆ ಒಂದು ರಿಂಗ್ ಎರಡು ಬೆರಳು ಹೊರಗೆ ಬಂದಿರುತ್ತದೆ, ಆ ಸಂದಿಯಿಂದ ಬಿಳಿ ಮಣ್ಣಿನ ಗೆರೆ ಇಳಿದಿರುತ್ತದೆ. ಹಾಗಾದ ಮೇಲೆ ಸರಿ ಮಾಡಬೇಕಾದರೆ ಮೇಲಿನದನ್ನೆಲ್ಲ ಎತ್ತಲೇಬೇಕು.

ಹಾಗಾಗಿ ಎರಡು ರಿಂಗ್ ಕೂರಿಸಿ, ಸುತ್ತಲೂ ಸಮನಾಗಿ ತುಂಬಿಸಿ, ಆಮೇಲೆ ಮತ್ತೆ ಎರಡು. ಕೆಳಗಿನ 10 ಅಡಿಗೆ ದಪ್ಪ ಜಲ್ಲಿ, ಅದು 124 ಘನ ಅಡಿ. ಅದರ ಮೇಲೆ ಒಂದು ಅಡಿ ದಪ್ಪ ಮರಳು, ಮೇಲಿನ ಮಣ್ಣು ಜಲ್ಲಿಯೊಳಗೆ ಇಳಿಯದ ಹಾಗೆ. ಅಲ್ಲಿಂದ ಮೇಲೆ ಕೆಂಪು ಗರಸು. ತೋಡಿ ಹಾಕಿದ ಶೇಡಿಯನ್ನು ಮಾತ್ರ ವಾಪಸ್ ತುಂಬಬೇಡಿ. ಕೊನೆಯ 5 ಅಡಿಗೆ ಜೇಡಿಮಣ್ಣು ಕಲಸಿ ತುಳಿದು ತುಂಬಿ, ಮಳೆನೀರು ರಿಂಗಿನ ಬೆನ್ನಿಗೆ ಇಳಿಯಬಾರದು. ಮೊದಲನೇ ರಿಂಗ್ ಕೂರಿಸುವಾಗ ಮಟ್ಟ ಎರಡೆರಡು ಸಲ ನೋಡಿ. ಅಲ್ಲಿ ಅರ್ಧ ಇಂಚು ವಾಲಿದರೆ 31 ಅಡಿ ಮೇಲೆ ಬರುವಾಗ ಮೂರೂವರೆ ಇಂಚು ವಾಲಿರುತ್ತದೆ. ನೀರು ಖಾಲಿ ಮಾಡಲು ಪೆಟ್ರೋಲ್ ಪಂಪ್ ತಂದರೆ ಅದನ್ನು ಬಾವಿಯೊಳಗೆ ಇಳಿಸಬೇಡಿ. ಅದರ ಹೊಗೆ ಕೆಳಗೇ ನಿಲ್ಲುತ್ತದೆ, ಇಳಿದವರು ಮೇಲೆ ಬರುವುದಿಲ್ಲ. ಇದನ್ನು ಮೇಸ್ತ್ರಿಗೂ ಆಳುಗಳಿಗೂ ಗಟ್ಟಿಯಾಗಿ ಹೇಳಿ.

ಇನ್ನು ಸ್ಲ್ಯಾಬ್. ರಿಂಗಿಗಿಂತ ಸುತ್ತಲೂ 3 ಇಂಚು ಹೊರಗೆ ಬರುವ ಹಾಗೆ 5 ಅಡಿ ಅಡ್ಡಗಲ, 4 ಇಂಚು ದಪ್ಪ. ಪೂರ್ತಿ ದುಂಡಿಗೆ 6.54 ಘನ ಅಡಿ. ಇಳಿಯಲು 2 ಅಡಿ ಚೌಕದ ಬಾಯಿ ಬಿಟ್ಟರೆ 1.33 ಕಳೆಯಿರಿ, 5.2 ಘನ ಅಡಿ ಉಳಿಯಿತು. ಸಿಮೆಂಟ್ ಒಂದೂಕಾಲು ಚೀಲ. ಕಂಬಿ ಸೇರಿ ತೂಕ ಸುಮಾರು 370 ಕೆಜಿ. ರಿಂಗ್ ಇಳಿಸಲು ಕಟ್ಟಿದ ಮುಕ್ಕಾಲಿ, ಚೈನ್ ಪುಲ್ಲಿ ಬಿಚ್ಚುವ ಮೊದಲೇ ಸ್ಲ್ಯಾಬ್ ಏರಿಸುವ ಹಾಗೆ ದಿನ ನೋಡಿಕೊಳ್ಳಿ. ಅಂದರೆ ರಿಂಗ್ ಕೆಲಸ ಶುರುವಾಗುವುದಕ್ಕೆ ಎರಡು ವಾರ ಮೊದಲೇ ಅಂಗಳದಲ್ಲಿ ಸ್ಲ್ಯಾಬ್ ಹಾಕಿರಬೇಕು.

ಹಾಕುವುದು ಸುಲಭ. ಸಮತಟ್ಟಾದ ಜಾಗದಲ್ಲಿ ಹಳೆಯ ಫ್ಲೆಕ್ಸ್ ಹಾಸಿ, 4 ಇಂಚು ಅಗಲದ ತಗಡನ್ನು ದುಂಡಗೆ ಬಗ್ಗಿಸಿ ನಿಲ್ಲಿಸಿ. ಸುತ್ತಳತೆ 15 ಅಡಿ 9 ಇಂಚು ಬೇಕಾಗುತ್ತದೆ. 10 ಎಂಎಂ ಕಂಬಿ 40 ಅಡಿಯದು ಎರಡು ಸಾಕು. ಎರಡೂ ಕಡೆಗೆ 6 ಇಂಚಿಗೊಂದರಂತೆ ಜಾಲರಿ ಕಟ್ಟಿ. ಬಾಯಿಯ ಹತ್ತಿರ ತುಂಡಾಗಿ ಉಳಿದದ್ದನ್ನು ಅದರ ನಾಲ್ಕು ಬದಿಗೂ ಸೇರಿಸಿ ಕಟ್ಟಿ, ಬಿರುಕು ಬರುವುದು ಆ ಮೂಲೆಗಳಿಂದಲೇ. ಜಾಲರಿ ಇರಬೇಕಾದ್ದು ಅಡಿಯಲ್ಲಿ, ನೆಲದಿಂದ ಮುಕ್ಕಾಲು ಇಂಚು ಮೇಲೆ. ಜಲ್ಲಿ ಚೂರು ಕೊಟ್ಟು ಎತ್ತರಿಸಿ. ಕಾಂಕ್ರೀಟ್ ಸುರಿಯುವಾಗ ಆಳುಗಳು ಅದನ್ನು ಮೇಲಕ್ಕೆ ಎಳೆದುಬಿಡುತ್ತಾರೆ, ಆಗ ಕಂಬಿ ಇದ್ದೂ ಇಲ್ಲದ ಹಾಗೆ. ಎತ್ತಲು ನಾಲ್ಕು ಕೊಕ್ಕೆ, ಅದಕ್ಕೆ ಏಣಿಲ್ಲದ ನಯವಾದ ಕಂಬಿಯೇ ಇರಲಿ, ಜಾಲರಿಯ ಅಡಿಯಿಂದ ಸುತ್ತಿ ಬಂದಿರಲಿ. ಪಂಪಿನ ಪೈಪಿಗೆ ತೂತು ಆಗಲೇ ಬಿಡಿ. ಬಾಯಿಯ ಸುತ್ತ 3 ಇಂಚಿನ ದಂಡೆ ಎಬ್ಬಿಸಿ, ಅದರ ಮೇಲೆ ಮುಚ್ಚಳ ಹೊರಗೆ ಇಳಿದು ಕೂರಬೇಕು.

ಆ ಮುಚ್ಚಳವನ್ನು ಕಾಂಕ್ರೀಟಿನಲ್ಲಿ ಮಾಡಿಸಬೇಡಿ ಭಾವ. 70 ಕೆಜಿ ದಾಟುತ್ತದೆ, ಒಂದು ಸಲ ತೆಗೆದವರು ಮತ್ತೆ ಮುಚ್ಚುವುದಿಲ್ಲ. ದಪ್ಪ ತಗಡಿನದು ಮಾಡಿಸಿ, ಬಿಜಾಗರಿ ಹಾಕಿ, ಬೀಗದ ಕೊಂಡಿ ಇಡಿಸಿ. ಮಂಗಗಳಿಗೂ ಮಕ್ಕಳಿಗೂ ಒಂದೇ ಬೀಗ ಸಾಕು.