ಹಳೇ ಅಕ್ಕಿನಾ, ಸ್ಟೀಮ್ ಅಕ್ಕಿನಾ?

"ದೊಡ್ಡಮ್ಮ, ಈ ಸಲ ತಂದ ಸೋನಾ ಮಸೂರಿ ಮುದ್ದೆ ಆಗ್ತಿದೆ. ಒಂದು ವರ್ಷ ಹಳೇದು ಅಂತ ಕೊಟ್ರು. ಹಳೇದು, ಪಾಲಿಶ್ ಎಲ್ಲ ಹೇಗೆ ಗೊತ್ತಾಗತ್ತೆ? ಯಾವ ಬ್ರ್ಯಾಂಡ್ ತರಲಿ?"

ಪುಟ್ಟಿ, ಕೇಳ್ತಾ ಇದೀಯಾ? ಬ್ರ್ಯಾಂಡ್ ಆಮೇಲೆ ನೋಡೋಣ. ಒಂದೇ ಹೆಸರಿನ ಚೀಲದಲ್ಲೂ ಒಂದು ಲಾಟ್ ಇದ್ದಂಗೆ ಇನ್ನೊಂದು ಇರಲ್ಲ. ಚೀಲದ ಮೇಲಿರೋ ತಾರೀಖು ಪ್ಯಾಕ್ ಮಾಡಿದ್ದು, ಭತ್ತ ಕೊಯ್ದಿದ್ದಲ್ಲ.

ಹಳೇದು ಅಂದ್ರೆ ಬಣ್ಣ ಸ್ವಲ್ಪ ಕೆನೆ ತಿರುಗಿರತ್ತೆ ಅಂತಾರೆ, ನಿಜ. ಆದ್ರೆ ಅದನ್ನೇ ನಂಬಿ ನಾನೂ ಮೋಸ ಹೋಗಿದೀನಿ. ಹೋದ ವರ್ಷ ಒಂದು ಅಂಗಡಿಯಲ್ಲಿ ಹಳದಿ ಬಣ್ಣ ನೋಡಿ ಹಳೇದೇ ಅಂತ ಚೀಲ ಎತ್ತಿದೆ, ಮನೆಗೆ ಬಂದು ನೋಡಿದ್ರೆ ಅದು ಸ್ಟೀಮ್ ಅಕ್ಕಿ! ಭತ್ತಕ್ಕೆ ಹಬೆ ಕೊಟ್ಟು ಒಣಗಿಸಿ ಮಿಲ್ ಮಾಡಿದ್ದು. ಕೆಟ್ಟದ್ದೇನಲ್ಲ, ಉದುರುದುರಾಗೇ ಆಗತ್ತೆ, ಆದ್ರೆ ನಮ್ಮನೆ ಸಾರಿಗೆ ಸರಿ ಹೋಗಲ್ಲ. ನಾಲ್ಕು ಕಾಳು ಕಿಟಕಿ ಬೆಳಕಿಗೆ ಹಿಡಿ. ಸ್ಟೀಮ್ ಆದ್ರೆ ಗಾಜಿನ ಹಾಗೆ ಕಾಣತ್ತೆ. ಹಸಿ ಅಕ್ಕಿ ಆದ್ರೆ ಕೆಲವು ಕಾಳಿನ ಹೊಟ್ಟೆ ಹತ್ರ ಬೆಳ್ಳಗೆ ಚುಕ್ಕೆ ಇರತ್ತೆ.

ಹೊಸದೋ ಹಳೇದೋ ಅನ್ನೋದಕ್ಕೆ ಒಲೆಯೇ ಸಾಕ್ಷಿ. ಮೊದಲು ಒಂದೇ ಕೇಜಿ ತಾ. ಒಂದು ಹಿಡಿ ಅಕ್ಕಿನ ಜಾಸ್ತಿ ನೀರಲ್ಲಿ, ಮುಚ್ಚಳ ಇಲ್ಲದೆ, ಕಾಳು ಮೆತ್ತಗಾಗೋವರೆಗೆ ಕುದಿಸು. ಹೊಸದಾದ್ರೆ ತುದಿ ಒಡೆದು ಅಂಟತ್ತೆ, ಗಂಜಿ ಗಟ್ಟಿಯಾಗಿ ಬರತ್ತೆ. ಹಳೇದಾದ್ರೆ ಕಾಳು ಉಬ್ಬಿ ಉದ್ದ ಆದ್ರೂ ಬಿಡಿಬಿಡಿ ನಿಲ್ಲತ್ತೆ, ಗಂಜಿ ತೆಳ್ಳಗಿರತ್ತೆ. ನೀರೂ ಜಾಸ್ತಿ ಕುಡಿಯತ್ತೆ: ಕುಕ್ಕರಲ್ಲಿ ಹೊಸದಕ್ಕೆ ಒಂದಕ್ಕೆರಡು ಲೋಟ ಸಾಕು, ಹಳೇದಕ್ಕೆ ಎರಡೂವರೆ ಬೇಕು.

ಪಾಲಿಶ್ ಬಗ್ಗೆ: ಕಾಳಿನ ಗೀರಲ್ಲಿ ಚೂರು ಕಂದು ಉಳಿದಿದ್ರೆ ಕಮ್ಮಿ ಪಾಲಿಶ್. ಫಳಫಳ ಹೊಳೆದ್ರೆ ಜಾಸ್ತಿ. ಚೀಲದ ಮೇಲೆ ಸಾರ್ಟೆಕ್ಸ್ ಅಂತ ಬರೆದಿರೋದು ಪಾಲಿಶ್ ಅಲ್ಲ, ಕಪ್ಪು ಕಾಳು, ಕಲ್ಲು ತೆಗೆದಿದಾರೆ ಅಂತ ಅಷ್ಟೇ. ಉದ್ದ ನೋಡೋಕೆ ಅಂಗೈ ಮೇಲೆ ಹರವು. ಎಲ್ಲ ಒಂದೇ ಅಳತೆ ಇದ್ರೆ ಸರಿ, ಗಿಡ್ಡ ಉದ್ದ ಕಲೆತಿದ್ರೆ ಬೆರಕೆ ಅಂತ ಅನುಮಾನ ಪಡು. ನುಚ್ಚು ಜಾಸ್ತಿ ಇದ್ರೆ ಬೇಡ, ಅದೇ ಮುದ್ದೆಗೆ ಅರ್ಧ ಕಾರಣ.

26 ಕೇಜಿ ಚೀಲ ಯಾಕೆ ಅಂತ ಮೊನ್ನೆ ನಿಮ್ಮಣ್ಣ ಕೇಳ್ತಿದ್ದ. 2022ರ ಜುಲೈನಿಂದ 25 ಕೇಜಿವರೆಗಿನ ಪ್ಯಾಕಿಗೆ ಐದು ಪರ್ಸೆಂಟ್ ಜಿಎಸ್‌ಟಿ, ಅದಕ್ಕೇ ಒಂದು ಕೇಜಿ ಜಾಸ್ತಿ. ಅಷ್ಟು ದೊಡ್ಡ ಚೀಲ ಬಿಚ್ಚೋ ಮೊದಲೇ ಅದೇ ಲಾಟಿನ ಒಂದು ಕೇಜಿ ಕೇಳು. ಕೊಡಲ್ಲ ಅಂದ್ರೆ ಬೇರೆ ಅಂಗಡಿ.

ಈಗಿರೋ ಚೀಲ ವಾಪಸ್ ಕೊಡಬೇಡ. ನೆನೆಸದೆ, ನೀರು ಎರಡು ಲೋಟಕ್ಕಿಂತ ಚೂರು ಕಮ್ಮಿ ಹಾಕಿ ನೋಡು. ಆಗಲೂ ಅಂಟಿದ್ರೆ ಪೊಂಗಲ್ಲಿಗೆ, ಬಿಸಿಬೇಳೆ ಬಾತಿಗೆ ಇಟ್ಕೋ.